ಗಾಯಕ್ಕೆ ಜೇನು: ಎಷ್ಟು ಹಾಕಬೇಕು, ಯಾವಾಗ ಬದಲಿಸಬೇಕು, ಯಾಕೆ

"ಗಾಯಕ್ಕೆ ಜೇನು ಹಚ್ಚಬಹುದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಅರ್ಧ ಜನ ನಮ್ಮಜ್ಜಿ ಹಚ್ಚುತ್ತಿದ್ದರು ಎನ್ನುತ್ತಾರೆ. ಇನ್ನರ್ಧ ಜನ ಸಿಹಿ ಹಚ್ಚಿದರೆ ಕೀವಾಗುವುದಿಲ್ಲವಾ ಎಂದು ಹೆದರುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಸಾಲುವುದಿಲ್ಲ. ಅದಕ್ಕೇ ಒಂದೇ ಒಂದು ಗಾಯವನ್ನು ಹಿಡಿದು, ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಗಾಯ ಇದು. ಬೋಂಡಾ ಕರಿಯುವಾಗ ಎಣ್ಣೆ ಸಿಡಿದು ಮುಂಗೈ ಮೇಲೆ ಬಿದ್ದಿದೆ. ಸುಮಾರು ಮೂರು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಉದ್ದ. ನೀರುಗುಳ್ಳೆ ಎದ್ದು, ಎರಡನೆಯ ದಿನ ತಾನಾಗಿ ಒಡೆದಿದೆ. ಒಳಗೆ ಗುಲಾಬಿ ಬಣ್ಣ, ಒದ್ದೆ, ಮುಟ್ಟಿದರೆ ಉರಿ. ಇಂಥ ಗಾಯಕ್ಕೆ ಜೇನು ಹೊಂದುತ್ತದೆ. ಬೇರೆ ಯಾವುದಕ್ಕೆ ಹೊಂದುವುದಿಲ್ಲ ಎಂಬುದನ್ನು ಹಂತ 1ರಲ್ಲಿ ಹೇಳುತ್ತೇನೆ.

ಅದಕ್ಕೂ ಮೊದಲು ಜೇನು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಗೊತ್ತಿರಬೇಕು. ಇಲ್ಲದಿದ್ದರೆ ಮುಂದಿನ ಹಂತಗಳು ಸುಮ್ನೆ ಬಾಯಿಪಾಠ ಆಗುತ್ತವೆ. ಎಷ್ಟು ಜೇನು, ಎಷ್ಟು ಹೊತ್ತು, ಯಾವ ಜೇನು, ಈ ಮೂರಕ್ಕೂ ಉತ್ತರ ಅಲ್ಲೇ ಇದೆ.

ಜೇನಿನ ಮೂರು ಆಯುಧ

ಮೊದಲನೆಯದು ನೀರಿಗೆ ಸಂಬಂಧಪಟ್ಟದ್ದು. ಹದವಾಗಿ ಮಾಗಿದ ಜೇನಿನಲ್ಲಿ ಶೇ. 17ರಿಂದ 18ರಷ್ಟು ನೀರಿರುತ್ತದೆ. ಇಷ್ಟು ನೀರಿದ್ದರೂ ಬ್ಯಾಕ್ಟೀರಿಯಾ ಯಾಕೆ ಬೆಳೆಯುವುದಿಲ್ಲ? ಆ ನೀರಷ್ಟನ್ನೂ ಸಕ್ಕರೆಯ ಕಣಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಕೈಗೆ ಸಂಬಳ ಬಂದರೂ ಎಲ್ಲ ಸಾಲದ ಕಂತಿಗೆ ಹೋಗಿಬಿಟ್ಟರೆ ಖರ್ಚಿಗೆ ಏನೂ ಉಳಿಯುವುದಿಲ್ಲ ಅಲ್ವಾ, ಹಾಗೆ. ಹೀಗೆ ಬಳಕೆಗೆ ಬಿಡುವಾಗಿ ಸಿಗುವ ನೀರು ಎಷ್ಟು ಎಂಬ ಅಳತೆಗೆ ವಾಟರ್ ಆಕ್ಟಿವಿಟಿ ಎನ್ನುತ್ತಾರೆ, ನಾವು 'ನೀರಿನ ಚಟುವಟಿಕೆ' ಎನ್ನೋಣ. ಶುದ್ಧ ನೀರಿಗೆ ಇದು 1. ಜೇನಿಗೆ ಸುಮಾರು 0.6. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.9ಕ್ಕಿಂತ ಮೇಲೆ ಬೇಕು. ಗಾಯದಲ್ಲಿ ಕೀವು ಮಾಡುವ ಸ್ಟಫೈಲೋಕಾಕಸ್ ಆರಿಯಸ್ ಎಂಬುದು ಇವುಗಳಲ್ಲೆಲ್ಲ ಗಟ್ಟಿ, ಅದು 0.86ರವರೆಗೂ ಹೇಗೋ ಬೆಳೆಯುತ್ತದೆ. 0.6ರಲ್ಲಿ ಅದಕ್ಕೂ ಆಗುವುದಿಲ್ಲ. ಉಪ್ಪಿನಕಾಯಿ, ಹಣ್ಣಿನ ಮುರಬ್ಬ ಕೆಡದೆ ಉಳಿಯುವುದರಲ್ಲೂ ಇದೇ ಗುಟ್ಟಿದೆ.

ಎರಡನೆಯದು ಹುಳಿ. ನಾಲಿಗೆಗೆ ಸಿಹಿಯಾಗಿದ್ದರೂ ಜೇನು ಚೆನ್ನಾಗಿ ಹುಳಿಯಿರುವ ವಸ್ತು. ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 3.2ರಿಂದ 4.5ರ ನಡುವೆ ಇರುತ್ತದೆ. ಗಾಯದಲ್ಲಿ ಕಾಣಸಿಗುವ ಹೆಚ್ಚಿನ ಬ್ಯಾಕ್ಟೀರಿಯಾಗಳು 4.5ರ ಆಸುಪಾಸಿನಲ್ಲಿ ಬೆಳವಣಿಗೆ ನಿಲ್ಲಿಸುತ್ತವೆ. ಜೇನಿನಲ್ಲಿರುವ ಮುಖ್ಯ ಹುಳಿಯ ಹೆಸರು ಗ್ಲುಕೋನಿಕ್ ಆಮ್ಲ. ಈ ಹೆಸರು ನೆನಪಿಟ್ಟುಕೊಳ್ಳಿ, ಮೂರನೆಯ ಆಯುಧದಲ್ಲಿ ಮತ್ತೆ ಬರುತ್ತದೆ.

ಮೂರನೆಯದು ಹೈಡ್ರೋಜನ್ ಪೆರಾಕ್ಸೈಡ್. ಹೌದು, ಆಸ್ಪತ್ರೆಯಲ್ಲಿ ಗಾಯಕ್ಕೆ ಹಾಕಿದರೆ ಬುಸ್ಸೆಂದು ನೊರೆ ಬರುತ್ತಿತ್ತಲ್ಲ, ಅದೇ. ಕೆಲಸಗಾರ ಜೇನುನೊಣದ ತಲೆಯಲ್ಲಿರುವ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಮಕರಂದಕ್ಕೆ ಸೇರುತ್ತದೆ. ಕಿಣ್ವ ಎಂದರೆ ರಾಸಾಯನಿಕ ಕೆಲಸವನ್ನು ಚುರುಕು ಮಾಡುವ ಪ್ರೋಟೀನು, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಇದ್ದ ಹಾಗೆ. ಗ್ಲೂಕೋಸ್, ನೀರು, ಗಾಳಿಯ ಆಮ್ಲಜನಕ ಈ ಮೂರೂ ಸಿಕ್ಕಿದರೆ ಅದು ಎರಡು ವಸ್ತು ಮಾಡುತ್ತದೆ: ಒಂದು ಆಗಲೇ ಹೇಳಿದ ಗ್ಲುಕೋನಿಕ್ ಆಮ್ಲ, ಇನ್ನೊಂದು ಹೈಡ್ರೋಜನ್ ಪೆರಾಕ್ಸೈಡ್. ಮಕರಂದ ಇನ್ನೂ ನೀರಾಗಿದ್ದಾಗ, ಅದು ಎರಿಯಲ್ಲಿ ಕೆಡದಿರಲಿ ಎಂದು ನೊಣಗಳ ಏರ್ಪಾಡು ಇದು. ನೀರು ಇಂಗಿ ಜೇನು ಮಾಗಿ, ಎರಿಯ ಕೋಣೆಯ ಬಾಯಿಗೆ ಮೇಣ ಮುಚ್ಚುವ ಹೊತ್ತಿಗೆ ಕಿಣ್ವ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿರುತ್ತದೆ. ಸತ್ತಿರುವುದಿಲ್ಲ, ಮಲಗಿರುತ್ತದೆ. ಮತ್ತೆ ನೀರು ಸಿಕ್ಕಿದರೆ ಏಳುತ್ತದೆ.

ಇದನ್ನು ಕಂಡುಹಿಡಿಯಲು ಸಾಕಷ್ಟು ಕಾಲ ಹಿಡಿಯಿತು. ಜೇನಿನಲ್ಲಿ ಸಕ್ಕರೆ, ಹುಳಿ ಬಿಟ್ಟು ಇನ್ನೇನೋ ಇದೆ ಎಂದು 1930ರ ದಶಕದಲ್ಲೇ ಜರ್ಮನಿಯವರು ಗಮನಿಸಿ, ಅದಕ್ಕೆ 'ಇನ್ಹಿಬಿನ್' ಎಂದು ಹೆಸರಿಟ್ಟಿದ್ದರು. ಆ ಇನ್ಹಿಬಿನ್ ಎಂದರೆ ಹೈಡ್ರೋಜನ್ ಪೆರಾಕ್ಸೈಡೇ ಎಂದು 1960ರ ದಶಕದ ಆರಂಭದಲ್ಲಿ ಅಮೆರಿಕದ ಕೃಷಿ ಇಲಾಖೆಯ ಜೊನಾಥನ್ ವೈಟ್ ಮತ್ತು ಜೊತೆಗಾರರು ತೋರಿಸಿದರು.

ಈಗ ಈ ಲೇಖನದ ಮುಖ್ಯ ಮಾತು. ಗಾಯ ಸುಮ್ಮನೆ ಇರುವುದಿಲ್ಲ, ನೀರು ಒಸರುತ್ತಿರುತ್ತದೆ. ಆ ನೀರು ಜೇನಿಗೆ ಸೇರಿದಂತೆ ಮೊದಲ ಎರಡು ಆಯುಧ ಮೊಂಡಾಗುತ್ತವೆ, ಅದೇ ನೀರು ಮೂರನೆಯದನ್ನು ಎಬ್ಬಿಸುತ್ತದೆ. ಹುಳಿ ತಗ್ಗುವುದೂ ಕಿಣ್ವಕ್ಕೆ ಅನುಕೂಲವೇ, ಏಕೆಂದರೆ ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 6ರ ಸುತ್ತಮುತ್ತ. ಆದರೆ ನೀರು ಮಿತಿ ಮೀರಿದರೆ ಮೂರೂ ಹೋಗುತ್ತವೆ. ಹಾಗಾಗಿ ಪಟ್ಟಿ ಕಟ್ಟುವವರ ಕೆಲಸ ಏನೆಂದರೆ ಈ ನೀರಿನ ಲೆಕ್ಕ ನೋಡಿಕೊಳ್ಳುವುದು.

ಒಂದು ಟೀ ಚಮಚದ ಲೆಕ್ಕ

ನಮ್ಮ ಗಾಯಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಜೇನು ಹಾಕಿದ್ದೇವೆ ಎಂದುಕೊಳ್ಳಿ. ತೂಕ 7 ಗ್ರಾಂ. ಅದರಲ್ಲಿ ನೀರು ಒಂದೂಕಾಲು ಗ್ರಾಂ, ಉಳಿದದ್ದು ಬಹುಪಾಲು ಸಕ್ಕರೆ. ಇಲ್ಲಿಂದ ಮುಂದಿನವು ಅಂದಾಜು ಲೆಕ್ಕಗಳು, ಆದರೆ ದಿಕ್ಕು ತೋರಿಸಲು ಸಾಕು.

ಗಾಯದಿಂದ ಅರ್ಧ ಚಮಚ ನೀರು ಸೇರಿತು ಅನ್ನಿ. ನೀರಿನ ಚಟುವಟಿಕೆ ಆಗಲೇ 0.86ರ ಹತ್ತಿರ ಬಂದುಬಿಡುತ್ತದೆ. ಅಂದರೆ ಸ್ಟಫೈಲೋಕಾಕಸ್‌ನ ಗಡಿ. ಇಷ್ಟು ಬೇಗ! ಸಕ್ಕರೆ ಒಂದನ್ನೇ ನಂಬಿದ್ದರೆ ಆಟ ಇಲ್ಲಿಗೇ ಮುಗಿಯಿತು.

ಒಂದು ಚಮಚ ನೀರು ಸೇರಿದರೆ ಚಟುವಟಿಕೆ 0.91ರ ಹತ್ತಿರ. ಎರಡು ಚಮಚ ಸೇರಿದರೆ 0.95. ಆದರೆ ಗಮನಿಸಿ, ಆಗ ಆ ಮಿಶ್ರಣದಲ್ಲಿ ಜೇನು ಶೇ. 40ರಷ್ಟಿರುತ್ತದೆ. ಪೆರಾಕ್ಸೈಡ್ ಅತಿ ಹೆಚ್ಚು ಹುಟ್ಟುವುದು ಜೇನು ಶೇ. 30ರಿಂದ 50ರಷ್ಟಿರುವಾಗ. ಒಬ್ಬ ಕಾವಲುಗಾರ ಮನೆಗೆ ಹೊರಟ ಹೊತ್ತಿಗೆ ಇನ್ನೊಬ್ಬ ಬಂದು ನಿಂತ ಹಾಗೆ.

ನಾಲ್ಕು ಚಮಚ ನೀರು ಸೇರಿತೋ, ಚಟುವಟಿಕೆ 0.97, ಹುಳಿ ಹೆಚ್ಚುಕಡಿಮೆ ಹೋಗಿದೆ, ಕಿಣ್ವವೂ ತೆಳುವಾಗಿದೆ. ಆಗ ಉಳಿಯುವುದು ಗಾಯದ ಮೇಲೆ ಕೂತ ಸಿಹಿ ನೀರು. ಅಜ್ಜಿಯ ಜೇನನ್ನು ಹೆದರುವವರ ಅನುಮಾನ ನಿಜವಾಗುವುದು ಈ ಹಂತದಲ್ಲಿ ಮಾತ್ರ.

ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಪೆರಾಕ್ಸೈಡೇ ಬೇಕಾದರೆ ಅಂಗಡಿಯ ಬಾಟಲಿಯದ್ದೇ ಹಾಕಬಹುದಲ್ಲ? ಬೇಡ. ಬಾಟಲಿಯ 3 ಪ್ರತಿಶತ ದ್ರಾವಣಕ್ಕೆ ಹೋಲಿಸಿದರೆ ಜೇನಿನಲ್ಲಿ ಹುಟ್ಟುವ ಪ್ರಮಾಣ ಸಾಮಾನ್ಯವಾಗಿ ಅದರ ಸಾವಿರದಲ್ಲೊಂದು ಭಾಗದ ಆಸುಪಾಸು. ಬಾಟಲಿಯದ್ದು ಒಂದೇ ಸಲ ಸುರಿದು, ನಮ್ಮ ಜೀವಕೋಶಕ್ಕೂ ಏಟು ಕೊಟ್ಟು, ಕೆಲವೇ ನಿಮಿಷದಲ್ಲಿ ನೊರೆಯಾಗಿ ಮುಗಿದುಹೋಗುತ್ತದೆ. ಜೇನಿನದ್ದು ಬಾವಿಯ ಒರತೆ. ಸ್ವಲ್ಪ ಸ್ವಲ್ಪವೇ, ಆದರೆ ಗಂಟೆಗಟ್ಟಲೆ ಒಸರುತ್ತಿರುತ್ತದೆ. ಬ್ಯಾಕ್ಟೀರಿಯಾವನ್ನು ತಡೆಯಲು ಸಾಕು, ಹೊಸ ಚರ್ಮವನ್ನು ಸುಡುವಷ್ಟು ಅಲ್ಲ.

ಆ ನೊರೆಯ ವಿಷಯವೂ ಹೇಳಿಬಿಡುತ್ತೇನೆ. ನಮ್ಮ ರಕ್ತದಲ್ಲಿ ಮತ್ತು ಮಾಂಸದಲ್ಲಿ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವವಿದೆ. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುವುದು ಅದರ ಕೆಲಸ. ನೊರೆ ಅಂದರೆ ಆ ಆಮ್ಲಜನಕ. ರಕ್ತ ಸುರಿಯುತ್ತಿರುವ ಗಾಯಕ್ಕೆ ಜೇನು ಹಚ್ಚಿದರೆ ಮೂರನೆಯ ಆಯುಧವನ್ನು ಈ ಕ್ಯಾಟಲೇಸ್ ತಿಂದುಹಾಕುತ್ತದೆ. ರಕ್ತ ನಿಲ್ಲಿಸಿ, ಆಮೇಲೆ ಜೇನು.

ಏನೇನು ಬೇಕು

ಗಾಯಕ್ಕೆಂದೇ ತಯಾರಿಸಿದ ಜೇನಿನ ಟ್ಯೂಬು. ಸ್ಟೆರೈಲ್ ಗಾಜ್ ಬಟ್ಟೆ, ಐದು ಸೆಂಟಿಮೀಟರ್ ಚೌಕದ್ದು. ಮೇಲಿಡಲು ದಪ್ಪನೆಯ, ನೀರು ಹೀರುವ ಪ್ಯಾಡು. ರೋಲ್ ಬ್ಯಾಂಡೇಜ್. ತೊಳೆಯಲು ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ (ಶೇ. 0.9 ಉಪ್ಪುನೀರು). ಬಿಸಾಡುವ ಕೈಗವಸು ಒಂದು ಜೊತೆ. ಇಷ್ಟು ಸಾಕು.

1. ಮೊದಲು ಗಾಯ ನೋಡಿ ತೀರ್ಮಾನಿಸಿ

ಗಾಯ ರೋಗಿಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಬೆರಳು, ಪಾದ, ಕೀಲು ಅಥವಾ ಗುಪ್ತಾಂಗದ ಮೇಲಿದ್ದರೆ, ಕರೆಂಟಿನಿಂದ ಅಥವಾ ಆಸಿಡ್‌ನಿಂದ ಆಗಿದ್ದರೆ, ಆಸ್ಪತ್ರೆಗೆ ಹೋಗಿ. ಸುಟ್ಟ ಜಾಗ ಬೆಳ್ಳಗೆ ಅಥವಾ ಕಂದಾಗಿ, ಚರ್ಮದ ಹಾಗೆ ಒಣಗಿ, ಮುಟ್ಟಿದರೆ ನೋವೇ ಇಲ್ಲದಿದ್ದರೆ ಖುಷಿಪಡಬೇಡಿ. ನೋವಿಲ್ಲ ಎಂದರೆ ನರವೂ ಸುಟ್ಟಿದೆ ಎಂದರ್ಥ, ಅದು ಆಳವಾದ ಗಾಯ.

ನಾಯಿ ಕಚ್ಚಿದ್ದು, ಮೊಳೆ ಚುಚ್ಚಿದ್ದು, ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣು, ಇವ್ಯಾವುದೂ ಮನೆಯಲ್ಲಿ ಜೇನು ಹಚ್ಚಿ ನೋಡುವ ಗಾಯಗಳಲ್ಲ. ಜೇನುನೊಣ ಕಚ್ಚಿದರೆ ಮೈಯೆಲ್ಲ ಊದುವವರು, ಚಿಕ್ಕ ಮಕ್ಕಳು, ಇವರ ವಿಷಯದಲ್ಲೂ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೆನಪು ಮಾಡಿಕೊಳ್ಳಿ. ಅದರ ಬದಲಿಗೆ ಜೇನು ಕೆಲಸ ಮಾಡುವುದಿಲ್ಲ.

ಗುಳ್ಳೆ ಒಡೆದಿಲ್ಲವಾದರೆ ಜೇನು ಬೇಕಾಗಿಯೇ ಇಲ್ಲ. ಗುಳ್ಳೆಯ ಚರ್ಮವೇ ಒಳ್ಳೆಯ ಪಟ್ಟಿ. ಸೂಜಿಯಿಂದ ಒಡೆಯಬೇಡಿ.

2. ಜೇನು ಆರಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಡುಗೆಮನೆಯ ಬಾಟಲಿ ಜೇನು ಬೇಡ. ಕಾರಣ ಎರಡು. ಒಂದು, ಜೇನಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ನಿಜ, ಆದರೆ ಕೆಲವು ಬ್ಯಾಕ್ಟೀರಿಯಾಗಳ ಸ್ಪೋರ್, ಅಂದರೆ ಬೀಜದಂತೆ ಗಟ್ಟಿ ಹೊದಿಕೆ ಹೊದ್ದು ಮಲಗಿರುವ ರೂಪ, ಅದರಲ್ಲಿ ಜೀವಂತ ಉಳಿಯುತ್ತದೆ. ಬಾಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂ ಅಂಥದ್ದು. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಎರಡು, ಅಂಗಡಿ ಜೇನನ್ನು ಸಾಮಾನ್ಯವಾಗಿ ಬಿಸಿ ಮಾಡಿ ಸೋಸಿರುತ್ತಾರೆ. ಗ್ಲೂಕೋಸ್ ಆಕ್ಸಿಡೇಸ್‌ಗೆ ಬಿಸಿಯೂ ಆಗದು, ಬೆಳಕೂ ಆಗದು. ನೋಡಲು ಜೇನು, ತಿನ್ನಲು ಜೇನು, ಆದರೆ ಮೂರನೆಯ ಆಯುಧ ಇರುವುದಿಲ್ಲ.

ಹಾಗಾದರೆ ಕುದಿಸಿ ಶುದ್ಧ ಮಾಡೋಣವೇ? ಮಾಡಬೇಡಿ. ಕುದಿಸಿದರೆ ಸ್ಪೋರ್‌ಗಳು ಸಾಯುವುದಿಲ್ಲ, ಕಿಣ್ವ ಮಾತ್ರ ಸಾಯುತ್ತದೆ. ನಿಮಗೆ ಬೇಕಾದ್ದು ಹೋಗಿ ಬೇಡದ್ದು ಉಳಿಯುತ್ತದೆ. ಗಾಯದ ಜೇನನ್ನು ಇದಕ್ಕೇ ಗಾಮಾ ಕಿರಣದಿಂದ ಶುದ್ಧ ಮಾಡುತ್ತಾರೆ. ಅದು ಸ್ಪೋರ್‌ಗಳನ್ನು ಕೊಲ್ಲುತ್ತದೆ, ಜೇನಿನ ಶಕ್ತಿಯನ್ನು ಹೆಚ್ಚು ಕೆಡಿಸುವುದಿಲ್ಲ. ಟ್ಯೂಬಿನ ಮೇಲೆ ಸ್ಟೆರೈಲ್ ಎಂದೂ, ಗಾಯಕ್ಕೆ ಬಳಸಲು ಎಂದೂ ಬರೆದಿರಬೇಕು.

"ನಮ್ಮ ತೋಟದ ಪೆಟ್ಟಿಗೆಯ ತುಡುವೆ ಜೇನು, ಕಣ್ಣೆದುರೇ ತೆಗೆದದ್ದು, ಬಿಸಿಯೂ ಮಾಡಿಲ್ಲ" ಎಂದು ಮಲೆನಾಡಿನವರು, ಕರಾವಳಿಯವರು ಕೇಳುತ್ತಾರೆ. ತಿನ್ನಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಗಾಯಕ್ಕೆ ಮಾತ್ರ ಎರಡು ತೊಡಕು. ಸ್ಪೋರ್‌ಗಳ ಪ್ರಶ್ನೆ ಅದಕ್ಕೂ ಇದೆ. ಜೊತೆಗೆ ತೇವದ ಊರುಗಳ ತುಡುವೆ ಜೇನಿನಲ್ಲಿ ನೀರಿನಂಶ ಶೇ. 20 ದಾಟುವುದು ಅಪರೂಪವಲ್ಲ. ಬಾಟಲಿಯ ಬಾಯಲ್ಲಿ ಸಣ್ಣ ನೊರೆ, ಮುಚ್ಚಳ ತೆಗೆದರೆ ಹುಳಿ ವಾಸನೆ ಇದ್ದರೆ ಆಗಲೇ ಯೀಸ್ಟ್ ಕೆಲಸ ಶುರುಮಾಡಿದೆ.

ಬೆಂಕಿಕಡ್ಡಿ ಅದ್ದಿ ಹಚ್ಚಿ ನೋಡುವುದು, ನೀರಿಗೆ ಬಿಟ್ಟು ನೋಡುವುದು, ಹೆಬ್ಬೆರಳ ಉಗುರಿನ ಮೇಲೆ ಹನಿ ಇಟ್ಟು ನೋಡುವುದು, ಇವ್ಯಾವುದೂ ಕಿಣ್ವ ಇದೆಯೋ ಇಲ್ಲವೋ ಹೇಳುವುದಿಲ್ಲ. ಹೆಚ್ಚೆಂದರೆ ಜೇನು ಎಷ್ಟು ಗಟ್ಟಿ ಎಂದು ತೋರಿಸುತ್ತವೆ. ದಪ್ಪ ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗುತ್ತದೆ.

ಕಿಣ್ವ ನೋಡಲೇಬೇಕೆಂಬ ಆಸೆ ಇದ್ದರೆ ಒಂದು ದಾರಿ ಇದೆ. ಲ್ಯಾಬ್ ಸಾಮಾನು ಮಾರುವವರಲ್ಲಿ ಪೆರಾಕ್ಸೈಡ್ ಅಳೆಯುವ ಕಾಗದದ ಪಟ್ಟಿಗಳು ಸಿಗುತ್ತವೆ. ಮೂರು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಚಮಚ ಜೇನಿಗೆ ಎರಡು ಚಮಚ ಕುದಿಸಿ ಆರಿಸಿದ ನೀರು. ಎರಡನೆಯದರಲ್ಲಿ ಅದೇ ಮಿಶ್ರಣ, ಆದರೆ ಹತ್ತು ನಿಮಿಷ ಕುದಿಸಿ ಪೂರ್ತಿ ತಣಿಸಿದ್ದು. ಮೂರನೆಯದರಲ್ಲಿ ಸಕ್ಕರೆ ಪಾಕ. ಮೂರನ್ನೂ ಬೆಳಕು ಬೀಳದ ಕಡೆ ಒಂದೆರಡು ಗಂಟೆ ಇಟ್ಟು ಪಟ್ಟಿ ಅದ್ದಿ. ಕಿಣ್ವ ಚೆನ್ನಾಗಿರುವ ಜೇನಿನಲ್ಲಿ ಪಟ್ಟಿಯ ಬಿಳಿ ಚೌಕ ನಿಧಾನಕ್ಕೆ ನೀಲಿಗೆ ತಿರುಗುತ್ತದೆ. ಕುದಿಸಿದ್ದು ಮತ್ತು ಪಾಕ ಬೆಳ್ಳಗೇ ಉಳಿಯುತ್ತವೆ. ಮೊದಲ ಲೋಟವೂ ಬೆಳ್ಳಗೇ ಉಳಿದರೆ ನಿಮ್ಮ ಜೇನು ಎಲ್ಲೋ ಬಿಸಿ ಕಂಡಿರಬಹುದು, ಅಥವಾ ಆ ಹೂವಿನ ಜೇನಿನಲ್ಲೇ ಪೆರಾಕ್ಸೈಡ್ ಕಡಿಮೆ ಇರಬಹುದು. ಹೂವಿನಿಂದ ಹೂವಿಗೆ ಈ ಶಕ್ತಿ ಬಹಳ ಬದಲಾಗುತ್ತದೆ. ಒಂದು ಮಾತು ಮರೆಯಬೇಡಿ: ಪಟ್ಟಿ ನೀಲಿಯಾಯಿತು ಎಂದು ಆ ಜೇನು ಗಾಯಕ್ಕೆ ಶುದ್ಧ ಎಂದಾಗುವುದಿಲ್ಲ. ಅದು ಸ್ಪೋರ್‌ಗಳನ್ನು ಅಳೆಯುವುದಿಲ್ಲ.

ಟ್ಯೂಬಿನ ಮೇಲೆ ಮನೂಕ ಎಂದಿದ್ದರೆ ಅದು ನ್ಯೂಜಿಲೆಂಡಿನ ಒಂದು ಪೊದೆಯ ಹೂವಿನ ಜೇನು. ಅದರ ಮುಖ್ಯ ಆಯುಧ ಪೆರಾಕ್ಸೈಡ್ ಅಲ್ಲ, ಮಿಥೈಲ್‌ಗ್ಲೈಆಕ್ಸಾಲ್ ಎಂಬ ಬೇರೆ ವಸ್ತು. ಅದನ್ನು ಕ್ಯಾಟಲೇಸ್ ಒಡೆಯಲಾರದು. ಹಚ್ಚುವ ಕ್ರಮ ಎರಡಕ್ಕೂ ಒಂದೇ, ಆದ್ದರಿಂದ ಕೆಳಗಿನ ಹಂತಗಳು ಅದಕ್ಕೂ ಸಲ್ಲುತ್ತವೆ.

3. ತಣಿಸಿ, ತೊಳೆಯಿರಿ

ಸುಟ್ಟ ಕೂಡಲೇ ಹರಿಯುವ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಎಂದರೆ ಗಡಿಯಾರ ನೋಡಿಕೊಂಡು. ಬಿಸಿ ಚರ್ಮದ ಮೇಲೆ ಜೇನು ಬೇಡ, ಮಂಜುಗಡ್ಡೆಯೂ ಬೇಡ. ಜೇನಿನ ಸರದಿ ಬರುವುದು ಗುಳ್ಳೆ ಒಡೆದ ಮೇಲೆ.

ಗುಳ್ಳೆ ಒಡೆದ ಗಾಯವನ್ನು ಸಲೈನ್ ಸುರಿದು ತೊಳೆಯಿರಿ. ಉಜ್ಜಬೇಡಿ. ಸುತ್ತಲಿನ ಒಳ್ಳೆಯ ಚರ್ಮವನ್ನು ಗಾಜ್‌ನಿಂದ ಒತ್ತಿ ಒಣಗಿಸಿ, ಗಾಯವನ್ನು ಹಾಗೇ ಬಿಡಿ.

ಯಾರೋ ಆಗಲೇ ಅರಿಶಿನವನ್ನೋ, ಕಾಫಿಪುಡಿಯನ್ನೋ, ಟೂತ್‌ಪೇಸ್ಟನ್ನೋ ಮೆತ್ತಿದ್ದರೆ ಅದನ್ನು ಪೂರ್ತಿ ತೊಳೆದು ತೆಗೆಯಬೇಕು. ಜೇನಿಗೆ ಅರಿಶಿನ ಕಲಸಿ ಹಚ್ಚುವವರಿಗೂ ಇದೇ ಮಾತು. ಶುದ್ಧ ಮಾಡಿದ ಜೇನಿಗೆ ಶುದ್ಧ ಮಾಡದ ಪುಡಿ ಬೆರೆಸಿದರೆ ಟ್ಯೂಬು ಕೊಂಡ ದುಡ್ಡು ನೀರಿಗೆ ಹಾಕಿದ ಹಾಗೆ.

4. ಜೇನನ್ನು ಗಾಜ್‌ಗೆ ಸವರಿ, ಗಾಯಕ್ಕಲ್ಲ

ಮೈಯ ಬಿಸಿಗೆ ಜೇನು ತೆಳುವಾಗಿ ಹರಿದುಹೋಗುತ್ತದೆ. ಗಾಯದ ಮೇಲೆ ನೇರವಾಗಿ ಹಿಂಡಿದರೆ, ಪಟ್ಟಿ ಕಟ್ಟುವಷ್ಟರಲ್ಲಿ ಅರ್ಧ ಜೇನು ಮೊಣಕೈ ಮೇಲಿರುತ್ತದೆ. ಅದಕ್ಕೇ ಗಾಜ್ ಬಟ್ಟೆಗೆ ಹಾಕಿ.

ಎಷ್ಟು? ಹತ್ತು ಸೆಂಟಿಮೀಟರ್ ಚೌಕದ ಪಟ್ಟಿಗೆ 20 ಮಿಲಿಲೀಟರ್ ಎಂಬುದು ಒಪ್ಪಿತ ಲೆಕ್ಕ. ಜೇನಿನ ಮೇಲೆ ಬಹಳ ಕೆಲಸ ಮಾಡಿದ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಅವರೂ ಇದನ್ನೇ ಹೇಳುತ್ತಿದ್ದರು. ನಮ್ಮದು ಐದು ಸೆಂಟಿಮೀಟರ್ ಚೌಕ, ಅಂದರೆ ಅದರ ಕಾಲು ಭಾಗ. 5 ಮಿಲಿಲೀಟರ್, ಒಂದು ಟೀ ಚಮಚ. ನೋಡಿದರೆ ಜಾಸ್ತಿ ಅನ್ನಿಸುತ್ತದೆ. ದೋಸೆಗೆ ಬೆಣ್ಣೆ ಸವರಿದ ಹಾಗೆ ತೆಳುವಾಗಿ ಸವರಿದರೆ ಗಾಯದ ನೀರು ಒಂದೆರಡು ಗಂಟೆಯಲ್ಲೇ ಅದನ್ನು ನಾಲ್ಕು ಚಮಚದ ಸ್ಥಿತಿಗೆ ತಂದುಬಿಡುತ್ತದೆ. "ನಾನೂ ಜೇನು ಹಚ್ಚಿದೆ, ಏನೂ ಆಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಮಾಡಿರುವುದು ಇದನ್ನೇ.

ಪಟ್ಟಿ ಗಾಯದ ಅಂಚು ದಾಟಿ ಸುತ್ತಲೂ ಸ್ವಲ್ಪ ಹೊರಗೆ ಬರಲಿ. ಸೋಂಕು ಸುತ್ತಲಿನ ಕೆಂಪು ಅಂಚಿನಲ್ಲೂ ಇರಬಹುದು.

5. ಮೇಲಿನ ಪದರ

ಜೇನಿನ ಗಾಜ್ ಮೇಲೆ ಹೀರುವ ಪ್ಯಾಡ್ ಇಟ್ಟು, ರೋಲ್ ಬ್ಯಾಂಡೇಜ್ ಸಡಿಲವಾಗಿ ಸುತ್ತಿ. ಕೈ ಬೆರಳು ತಣ್ಣಗಾದರೆ ಅಥವಾ ಜುಮ್ಮೆಂದರೆ ಬಿಗಿಯಾಗಿದೆ ಎಂದರ್ಥ. ಪ್ಯಾಡ್ ಯಾಕೆ ಬೇಕು ಎಂದರೆ ಸಕ್ಕರೆಯ ಅಂಶ ಒಳಗಿನಿಂದ ನೀರು ಎಳೆಯುತ್ತದೆ, ಆ ನೀರು ಹೋಗಲು ಜಾಗ ಬೇಕು. ಬರೀ ತೆಳು ಬ್ಯಾಂಡೇಜ್ ಸುತ್ತಿದರೆ ಅಂಗಿ ತೋಳು ಅಂಟಂಟಾಗಿ, ಇರುವೆ ಸಾಲು ಬರುತ್ತದೆ. ಇರುವೆಯ ವಿಷಯ ನಗುವಂಥದ್ದಲ್ಲ. ರಾತ್ರಿ ಮಲಗುವ ಮುನ್ನ ಅಂಚೆಲ್ಲ ಒಣಗಿದೆಯೇ ಎಂದು ಮುಟ್ಟಿ ನೋಡಿ.

ಹಚ್ಚಿದ ಕೂಡಲೇ ಸ್ವಲ್ಪ ಚುರುಚುರು ಎನ್ನಬಹುದು. ಅದಕ್ಕೆ ಕಾರಣ ಹುಳಿ. ಹತ್ತಿಪ್ಪತ್ತು ನಿಮಿಷದಲ್ಲಿ ಕಡಿಮೆಯಾಗಬೇಕು. ಆಗದೆ ಉರಿ ಏರುತ್ತಲೇ ಹೋದರೆ ತೆಗೆದು ಸಲೈನ್‌ನಿಂದ ತೊಳೆಯಿರಿ. ಆ ಗಾಯಕ್ಕೆ ಜೇನು ಬೇಡ.

6. ಬದಲಿಸುವ ಹೊತ್ತು

ಮೊದಲ ಎರಡು ಮೂರು ದಿನ ದಿನಕ್ಕೊಂದು ಸಲ. ಗಾಯ ಒಸರುವುದು ಕಡಿಮೆಯಾದ ಮೇಲೆ ಎರಡು ದಿನಕ್ಕೊಮ್ಮೆ ಸಾಕು. ಆದರೆ ಕ್ಯಾಲೆಂಡರ್‌ಗಿಂತ ಪಟ್ಟಿಯನ್ನೇ ನಂಬಿ.

ತೆಗೆದ ಪಟ್ಟಿಯನ್ನು ಬಿಸಾಡುವ ಮೊದಲು ಒಮ್ಮೆ ನೋಡಿ. ಕೈಗವಸು ಹಾಕಿದ ಎರಡು ಬೆರಳ ನಡುವೆ ಅದರಲ್ಲಿರುವ ಜೇನನ್ನು ಒತ್ತಿ ಬಿಡಿಸಿ. ಹೊಸ ಜೇನು ಉದ್ದನೆಯ ಎಳೆ ಎಳೆಯುತ್ತದೆ. ಇನ್ನೂ ಗಿಡ್ಡ ಎಳೆ ಬರುತ್ತಿದೆ, ಬೆರಳಿಗೆ ಅಂಟು ಹತ್ತುತ್ತಿದೆ ಎಂದರೆ ನೀವು ಸರಿಯಾದ ಹೊತ್ತಿಗೆ ಬದಲಿಸಿದ್ದೀರಿ. ತೆಳು ಪಾನಕದ ಹಾಗೆ ಜಾರಿದರೆ, ಎಳೆಯೇ ಇಲ್ಲದಿದ್ದರೆ, ತಡವಾಯಿತು. ಮುಂದಿನ ಪಟ್ಟಿಯನ್ನು ಬೇಗ ಬದಲಿಸಿ ಅಥವಾ ಜೇನು ಹೆಚ್ಚಿಸಿ. ಪ್ಯಾಡಿನ ಹೊರಗಿನವರೆಗೂ ಒದ್ದೆ ಬಂದಿದ್ದರೆ ಗಂಟೆ ನೋಡದೆ ಬದಲಿಸಬೇಕು, ಏಕೆಂದರೆ ಹೊರಗಿನ ಬ್ಯಾಕ್ಟೀರಿಯಾ ಒಳಗೆ ಬರಲು ಆ ಒದ್ದೆಯೇ ದಾರಿ.

ಗಾಯದ ಸುತ್ತಲಿನ ಚರ್ಮ ಬಟ್ಟೆ ಒಗೆದ ಬೆರಳಿನ ಹಾಗೆ ಬೆಳ್ಳಗೆ ಸುಕ್ಕಾಗಿದ್ದರೆ ನೀರು ಜಾಸ್ತಿ ನಿಂತಿದೆ ಎಂದರ್ಥ. ಪ್ಯಾಡ್ ದಪ್ಪ ಮಾಡಿ.

ಗಾಜ್ ಒಣಗಿ ಗಾಯಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಐದು ನಿಮಿಷ ಬಿಡಿ, ಜೇನು ಕರಗಿ ತಾನೇ ಬಿಡುತ್ತದೆ. ಒಣಗಿ ಅಂಟುತ್ತಿದೆ ಎಂದರೆ ಗಾಯ ಈಗ ಹೆಚ್ಚು ಒಸರುತ್ತಿಲ್ಲ. ಒಂದು ವಿಷಯ ನೆನಪಿರಲಿ, ನೀರೇ ಇಲ್ಲದ ಒಣ ಗಾಯದಲ್ಲಿ ಮೂರನೆಯ ಆಯುಧ ಏಳುವುದೇ ಇಲ್ಲ. ಅಲ್ಲಿ ಜೇನಿನ ಕೆಲಸ ಮುಗಿಯುತ್ತಾ ಬಂದಿದೆ.

7. ಎಷ್ಟು ನಂಬಬಹುದು

ಸೊಲ್ಲಾಪುರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 1991ರಲ್ಲಿ ಸುಟ್ಟ ಗಾಯದ 104 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅರ್ಧ ಜನಕ್ಕೆ ಜೇನು, ಉಳಿದರ್ಧಕ್ಕೆ ಆಗ ಎಲ್ಲರೂ ಬಳಸುತ್ತಿದ್ದ ಸಿಲ್ವರ್ ಸಲ್ಫಾಡಯಜಿನ್ ಎಂಬ ಔಷಧ. ಏಳು ದಿನದೊಳಗೆ ಜೇನಿನ ಗುಂಪಿನಲ್ಲಿ ಶೇ. 91ರಷ್ಟು ಗಾಯಗಳು ಬ್ಯಾಕ್ಟೀರಿಯಾದಿಂದ ಮುಕ್ತವಾದವು, ಇನ್ನೊಂದು ಗುಂಪಿನಲ್ಲಿ ಶೇ. 7 ಎಂದು ಅವರು ಬರೆದರು. ವ್ಯತ್ಯಾಸ ಇಷ್ಟು ದೊಡ್ಡದಿದ್ದಾಗ ನಾನು ಒಂದೇ ಅಧ್ಯಯನದ ಮೇಲೆ ನಿಲ್ಲುವುದಿಲ್ಲ. 2015ರ ಕಾಕ್ರೇನ್ ಪರಿಶೀಲನೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕೆಲಸ) 26 ಅಧ್ಯಯನ, ಮೂರು ಸಾವಿರದಷ್ಟು ಜನರನ್ನು ನೋಡಿತು. ಪೂರ್ತಿ ಆಳಕ್ಕೆ ಹೋಗದ ಸುಟ್ಟ ಗಾಯಗಳು ಸಾಮಾನ್ಯ ಪಟ್ಟಿಗಿಂತ ಜೇನಿನಲ್ಲಿ ನಾಲ್ಕೈದು ದಿನ ಬೇಗ ವಾಸಿಯಾಗುತ್ತವೆ, ಆಪರೇಷನ್ ನಂತರ ಸೋಂಕಾದ ಗಾಯಗಳಿಗೂ ಉಪಯೋಗ ಇದೆ ಎಂದಿತು. ಕಾಲಿನ ಹಳೆಯ ಹುಣ್ಣು, ಮಧುಮೇಹದ ಹುಣ್ಣುಗಳ ವಿಷಯದಲ್ಲಿ ಅಷ್ಟು ಸ್ಪಷ್ಟ ಉತ್ತರ ಸಿಗಲಿಲ್ಲ. ನಾನು ಈ ಲೇಖನಕ್ಕೆ ಎಣ್ಣೆ ಸಿಡಿದ ಗಾಯವನ್ನೇ ಆರಿಸಿದ್ದು ಇದಕ್ಕೆ.

8. ನಿಲ್ಲಿಸುವುದು

ಸುತ್ತಲಿನ ಕೆಂಪು ದಿನೇದಿನೇ ಅಗಲವಾಗುತ್ತಿದ್ದರೆ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಕೆಟ್ಟ ವಾಸನೆ, ಹಳದಿ-ಹಸಿರು ಕೀವು, ಜ್ವರ, ತೋಳಿನುದ್ದಕ್ಕೆ ಕೆಂಪು ಗೆರೆ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ. ಕೆಂಪು ಎಲ್ಲಿಯವರೆಗೆ ಇದೆ ಎಂದು ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದಿಟ್ಟರೆ ಮರುದಿನ ಅನುಮಾನ ಇರುವುದಿಲ್ಲ. ಎರಡು ವಾರವಾದರೂ ಗಾಯ ಮುಚ್ಚದಿದ್ದರೆ ಅದು ನೀವು ಅಂದುಕೊಂಡದ್ದಕ್ಕಿಂತ ಆಳವಾಗಿದೆ, ಆಗಲೂ ತೋರಿಸಬೇಕು.

ಎಲ್ಲ ಸರಿಯಾಗಿ ನಡೆದರೆ ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಗೆ ಬರುತ್ತದೆ, ಪಟ್ಟಿಯಲ್ಲಿ ಒದ್ದೆ ಕಾಣುವುದು ನಿಲ್ಲುತ್ತದೆ. ಆಗ ಜೇನು ನಿಲ್ಲಿಸಿ. ಬಾಯಿ ತೆರೆದ ಟ್ಯೂಬನ್ನು ಇನ್ನೊಬ್ಬರ ಗಾಯಕ್ಕೆ ಎತ್ತಿಡಬೇಡಿ. ಹೊಸ ಚರ್ಮಕ್ಕೆ ಕೆಲವು ತಿಂಗಳು ಬಿಸಿಲು ತಾಗದಂತೆ ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಆ ಜಾಗ ಕಪ್ಪಾಗಿ ಉಳಿಯುತ್ತದೆ.